ವ್ಯಾಪಾರಿ ಬಗ್ಗೆ ಬರೆದ ಮೆಸೇಜು ವ್ಯಾಪಾರಿಗೇ ಹೋದರೆ?

ಪ್ರಶ್ನೆ: ನಮ್ಮ ಕಾಫಿ ಕೊಳ್ಳುವವರ ಬಗ್ಗೆ ತಮ್ಮನಿಗೆ ಬರೆದ ವಾಟ್ಸ್ಆ್ಯಪ್ ಮೆಸೇಜು ಅವರಿಗೇ ಹೋಯ್ತು. 'ಚೀಲಕ್ಕೆ ರೇಟು ತೀರಾ ಕಮ್ಮಿ ಹೇಳ್ತಾನೆ, ತೂಕದಲ್ಲೂ ಹೊಡೀತಾನೆ ಅನ್ಸುತ್ತೆ, ಬೇರೆಯವರನ್ನ ಕೇಳು' ಅಂತ ಬರೆದಿದ್ದೆ. ಡಿಲೀಟ್ ಮಾಡಲೇ? (ಸೋಮವಾರಪೇಟೆ ಕಡೆಯ ಬೆಳೆಗಾರರು)

ಉತ್ತರ: ಮೊದಲು ಟಿಕ್ ನೋಡಿ. ಒಂದೇ ಬೂದು ಟಿಕ್ ಇದ್ದರೆ ಮೆಸೇಜು ಇನ್ನೂ ಅವರ ಫೋನಿಗೆ ತಲುಪಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋದಾಗ ನಮ್ಮ ತೋಟಗಳ ಕಡೆ ಹೀಗೆ ಗಂಟೆಗಟ್ಟಲೆ ನಿಂತಿರುತ್ತೆ. ಆಗ ತಡಮಾಡದೆ 'ಎಲ್ಲರಿಗೂ ಅಳಿಸಿ' ಒತ್ತಿ. ಗಾಬರಿಯಲ್ಲಿ 'ನನಗೆ ಮಾತ್ರ ಅಳಿಸಿ' ಒತ್ತುವವರೇ ಜಾಸ್ತಿ. ಹಾಗಾದರೆ ನಿಮ್ಮ ಫೋನಿಂದ ಹೋಗುತ್ತೆ, ಅವರ ಕಡೆ ಉಳಿಯುತ್ತೆ. ಕೆಳಗೆ ಕೆಲವೇ ಸೆಕೆಂಡು ಕಾಣುವ 'ರದ್ದು' ಬಟನ್ ಒತ್ತಿದರೆ ಮಾತ್ರ ಅದು ವಾಪಸ್ ಬರುತ್ತೆ.

ಎಲ್ಲರಿಗೂ ಅಳಿಸಲು ಸುಮಾರು ಎರಡು ದಿನ ಅವಕಾಶ ಇದೆ. ಆದರೆ ಅಳಿಸಿದ ಜಾಗದಲ್ಲಿ ಮೆಸೇಜು ಅಳಿಸಲಾಗಿದೆ ಅಂತ ಗುರುತು ಬೀಳುತ್ತೆ. ಅದನ್ನು ನೋಡಿದವರು ಏನಿತ್ತು ಅಂತ ಕೇಳದೆ ಬಿಡ್ತಾರಾ? 'ಬೇರೆಯವರಿಗೆ ಹೋಗಬೇಕಿದ್ದದ್ದು' ಅಂದರೆ ಸಾಕು, ಅದು ಸುಳ್ಳೂ ಅಲ್ಲ.

ಟಿಕ್ ನೀಲಿ ಆಗಿದ್ದರೆ ಅಳಿಸಬೇಡಿ. ಓದಿದ ಮೇಲೆ ಅಳಿಸಿದರೆ ಅವಮಾನದ ಜೊತೆಗೆ ಕಳ್ಳತನದ ವಾಸನೆಯೂ ಸೇರುತ್ತೆ. ಎರಡು ಬೂದು ಟಿಕ್ ಇದ್ದರೂ ನಂಬಬೇಡಿ. ಲಾಕ್ ಆದ ಫೋನಿನ ಮೇಲೇ ಓದಿರಬಹುದು, ನೀಲಿ ಟಿಕ್ ಆಫ್ ಮಾಡಿಟ್ಟಿರಲೂಬಹುದು. ಎಡಿಟ್ ಮಾಡಲು 15 ನಿಮಿಷ ಸಮಯ ಇರುತ್ತೆ, ಆದರೆ ಅದು ತಪ್ಪು ನಂಬರು ತಿದ್ದುವುದಕ್ಕೆ ಸರಿ, ಇಂಥದ್ದಕ್ಕಲ್ಲ.

ಇನ್ನು ಕ್ಷಮೆ. ನಿಮ್ಮ ಮೆಸೇಜಿನಲ್ಲಿ ಎರಡು ಬೇರೆ ಬೇರೆ ಮಾತಿವೆ. ರೇಟು ಕಮ್ಮಿ ಅನ್ನುವುದು ವ್ಯಾಪಾರದ ಮಾತು, ಅದನ್ನು ಹಿಂದಕ್ಕೆ ತಗೊಳ್ಳಬೇಕಾಗಿಲ್ಲ. ತೂಕದಲ್ಲಿ ಹೊಡೀತಾನೆ ಅನ್ನುವುದು ಆರೋಪ. ಪುರಾವೆ ಇಲ್ಲದಿದ್ದರೆ ಆ ಮಾತನ್ನು ಬಾಯಿಬಿಟ್ಟೇ ವಾಪಸ್ ತಗೊಳ್ಳಬೇಕು. ಸುಮ್ನೆ 'ಸಾರಿ, ತಪ್ಪಾಗಿ ಬಂತು' ಅಂದರೆ ಮೆಸೇಜು ಬಂದದ್ದಷ್ಟೇ ತಪ್ಪು, ಬರೆದದ್ದು ಸರಿ ಅಂತ ಆಗುತ್ತೆ. 'ತಮ್ಮ ನನ್ನ ಫೋನಿಂದ ಕಳಿಸಿದ' ಅನ್ನೋ ಕಥೆಯಂತೂ ಬೇಡ. ಊರು ಚಿಕ್ಕದು, ಯಾವುದಾದರೂ ಮದುವೆ ಮನೆಯಲ್ಲಿ ಅವರಿಗೆ ತಮ್ಮ ಸಿಕ್ಕೇ ಸಿಗುತ್ತಾನೆ.

ಬರೆಯಬೇಡಿ, ಫೋನ್ ಮಾಡಿ. 'ಅಣ್ಣ, ಅದು ತಮ್ಮನಿಗೆ ಬರೆದದ್ದು, ನಿಮಗೆ ಬಂತು. ತೂಕದ ಮಾತು ನಾನು ಆಡಬಾರದಿತ್ತು, ತಪ್ಪಾಯ್ತು. ರೇಟು ಕಮ್ಮಿ ಅನ್ಸಿದ್ದು ನಿಜ. ನೀವು ಬಿಡುವಾದಾಗ ಬರ್ತೀನಿ, ಕೂತು ಮಾತಾಡೋಣ.' ಇಷ್ಟೇ. ಅವರು ಬೈದರೆ ಕೇಳಿಸಿಕೊಳ್ಳಿ, ನಡುವೆ ಬಾಯಿ ಹಾಕಬೇಡಿ. ಎತ್ತದಿದ್ದರೆ ಇದನ್ನೇ ಒಂದು ಸಲ ಬರೆದು ಕಳಿಸಿ, ಮತ್ತೆ ಮತ್ತೆ ಬೇಡ.

ತೂಕದ ಬಗ್ಗೆ ನಿಜಕ್ಕೂ ಅನುಮಾನ ಇದ್ದರೆ ಮುಂದಿನ ಸಲ ನಾಲ್ಕು ಚೀಲ ಮನೆಯಲ್ಲೇ ತೂಗಿ, ಬರೆದಿಟ್ಟುಕೊಂಡು ಕಳಿಸಿ.