ಕಾರ್ಟ್‌ನಲ್ಲೇ ಉಳಿದ ತೊಗರಿಬೇಳೆ

ಕಲಬುರಗಿಯಲ್ಲಿ ನಮ್ಮ ವೈನಿ ಆನ್‌ಲೈನ್‌ನಲ್ಲಿ ತೊಗರಿಬೇಳೆ ಮಾರುತ್ತಾರೆ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದೇ ಬೇಳೆ. ಕಾರ್ಟ್‌ಗೆ ಬೇಳೆ ಹಾಕಿ ದುಡ್ಡು ಕಟ್ಟದೆ ಹೋದವರಿಗೆ, ಅವರು ಒಪ್ಪಿಗೆ ಕೊಟ್ಟಿದ್ದರೆ, ವಾಟ್ಸಾಪ್‌ನಲ್ಲಿ ನೆನಪಿನ ಮೆಸೇಜ್ ತಾನಾಗಿಯೇ ಹೋಗುತ್ತದೆ. ಒಂದು ದಿನ ಬೀದರ್‌ನಿಂದ ಒಬ್ಬರು ಫೋನ್ ಮಾಡಿದರು. "ಬ್ಯಾಳಿಗೆ ರೊಕ್ಕ ಕೊಟ್ಟು ಎರಡು ದಿನ ಆಯ್ತ್ರೀ, ಮತ್ಯಾಕ ಮೆಸೇಜ್ ಹಾಕ್ತೀರಿ?"

ಅವರು ಸೈಟ್‌ನಲ್ಲಿ ಕಾರ್ಟ್ ಬಿಟ್ಟು, ನೇರವಾಗಿ ವೈನಿಗೆ ಫೋನ್ ಮಾಡಿ 5 ಕೆಜಿ ತರಿಸಿಕೊಂಡಿದ್ದರು. ವೈನಿ ಅದನ್ನು ನೋಟ್‌ಬುಕ್‌ನಲ್ಲಿ ಬರೆದಿದ್ದರು. ನೋಟ್‌ಬುಕ್‌ನಲ್ಲಿ ಇರುವುದು ಸೈಟ್‌ಗೆ ಹೇಗೆ ಗೊತ್ತಾಗಬೇಕು?

ಅವತ್ತು ಕೂತು ಎಲ್ಲವನ್ನೂ ಮತ್ತೆ ಹೊಂದಿಸಿದೆವು. ಮೊದಲ ಮೆಸೇಜ್ ಕಾರ್ಟ್ ಬಿಟ್ಟ ಒಂದು ಗಂಟೆಗೆ, ಎರಡನೆಯದು ಒಂದು ದಿನಕ್ಕೆ, ಕೊನೆಯದು ಮೂರು ದಿನಕ್ಕೆ. ಅಂತರ ಹೀಗೆ ಹಿಗ್ಗುತ್ತಾ ಹೋಗುವುದಕ್ಕೆ ಕಾರಣ ಇದೆ. ಮರೆವು ಮೊದಲ ಗಂಟೆಗಳಲ್ಲೇ ಜಾಸ್ತಿ, ಆಮೇಲೆ ನಿಧಾನವಾಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. ಹಾಗಂತ ಐದೇ ನಿಮಿಷಕ್ಕೆ ಕಳಿಸಬಾರದು. ಯುಪಿಐ ಪಾವತಿ ಪೆಂಡಿಂಗ್‌ನಲ್ಲಿ ಇರಬಹುದು, ಮನೆಯಲ್ಲಿ ಎಷ್ಟು ಕೆಜಿ ಬೇಕೆಂದು ಕೇಳಲು ಹೋಗಿರಬಹುದು. ರಾತ್ರಿ 9ರ ನಂತರ ಬರುವ ಸರದಿಯನ್ನು ಬೆಳಿಗ್ಗೆ 9ಕ್ಕೆ ತಳ್ಳಿದೆವು.

ನಿಲ್ಲಿಸುವ ನಿಯಮ ಇದಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಮೊದಲು ಕಾರ್ಟ್ ಬಿಟ್ಟ ಕೂಡಲೇ ಮೂರೂ ಮೆಸೇಜ್ ಸಾಲಿಗೆ ಸೇರುತ್ತಿದ್ದವು, ಆಮೇಲೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಈಗ ಪ್ರತಿ ಮೆಸೇಜ್ ಹೊರಡುವ ಕ್ಷಣದಲ್ಲಿ ಪರೀಕ್ಷೆ ನಡೆಯುತ್ತದೆ. ಕಾರ್ಟ್ ಬಿಟ್ಟ ಮೇಲೆ ಈ ಮೊಬೈಲ್ ನಂಬರ್‌ನಿಂದ ಆರ್ಡರ್ ಬಂದಿದೆಯೇ? ಪಾವತಿ ಪೆಂಡಿಂಗ್ ಇದೆಯೇ? ಮೆಸೇಜ್ ಬೇಡ ಎಂದಿದ್ದಾರೆಯೇ? ಬೇಳೆ ಖಾಲಿಯಾಗಿದೆಯೇ? ಪೆಂಡಿಂಗ್ ಇದ್ದರೆ ಕಾಯುತ್ತದೆ, ಉಳಿದವುಗಳಲ್ಲಿ ಒಂದಕ್ಕೆ ಹೌದು ಎಂದರೂ ಸಾಲು ಅಲ್ಲಿಗೇ ನಿಲ್ಲುತ್ತದೆ. ಕಾರ್ಟ್ ನಂಬರ್ ಬದಲು ಮೊಬೈಲ್ ನಂಬರ್ ನೋಡುವುದು ಏಕೆಂದರೆ, ಎಷ್ಟೋ ಜನ ಹಳೆಯ ಕಾರ್ಟ್ ಬಿಟ್ಟು ಹೊಸದಾಗಿ ಆರ್ಡರ್ ಮಾಡುತ್ತಾರೆ. ಫೋನ್ ಆರ್ಡರ್‌ಗಳನ್ನೂ ವೈನಿ ಈಗ ಕೂಡಲೇ ಸೈಟ್‌ಗೆ ಹಾಕುತ್ತಾರೆ. ಗಂಡನ ನಂಬರ್‌ನಿಂದ ಕೊಂಡರೆ ಮಾತ್ರ ಈ ಲೆಕ್ಕ ಇನ್ನೂ ತಪ್ಪುತ್ತದೆ.

ಇಷ್ಟಾದರೂ ಮೆಸೇಜ್‌ನಿಂದ ಲಾಭ ಇದೆಯಾ ಎಂದು ತಿಳಿಯುವುದು ಹೇಗೆ? ಮೆಸೇಜ್ ಹೋದ ಮೇಲೆ ಕೊಂಡವರನ್ನೆಲ್ಲ ಎಣಿಸಿದರೆ ಮೋಸ ಹೋಗುತ್ತೇವೆ. ಅವರಲ್ಲಿ ಕೆಲವರು ಹೇಗೂ ತಾವಾಗಿಯೇ ಬರುವವರು, ಅಲ್ವಾ? ಅದಕ್ಕೇ ಮೊಬೈಲ್ ನಂಬರ್‌ನ ಕೊನೆಯ ಅಂಕಿ ಸಮ ಇದ್ದವರಿಗೆ, ಹೋಲಿಸಿ ನೋಡಲೆಂದೇ, ಏನೂ ಕಳಿಸುವುದಿಲ್ಲ. ಕಳಿಸಿದ 100 ಜನರಲ್ಲಿ 14 ಮಂದಿ, ಕಳಿಸದ 100 ಜನರಲ್ಲಿ 9 ಮಂದಿ ಕೊಂಡರು ಎಂದಿಟ್ಟುಕೊಳ್ಳಿ. ಆಗ ಮೆಸೇಜ್ ತಂದದ್ದು 14 ಅಲ್ಲ, ಸುಮಾರು 5. ಇಷ್ಟು ಕಡಿಮೆ ಜನರಲ್ಲಿ ಆ 5 ಕೂಡ ಆಕಸ್ಮಿಕ ಆಗಿರಬಹುದು. ಹಾಗಾಗಿ ಒಂದು ತಿಂಗಳ ಲೆಕ್ಕ ನೋಡಿ ಏನನ್ನೂ ಬದಲಿಸುವುದಿಲ್ಲ ಎಂದು ವೈನಿ ಗಟ್ಟಿಯಾಗಿ ಹೇಳಿದ್ದಾರೆ.