ಲೀಗಾ, ನಾಕೌಟಾ? ಟೈ ಆದಲ್ಲಿ ನನ್ನ ಲೆಕ್ಕ ತಪ್ಪಿದ್ದು

ಪುಣೆಯಲ್ಲಿ ನಮ್ಮ ಕನ್ನಡದವರದ್ದೇ ನಾಲ್ಕು ಟೆನಿಸ್ ಬಾಲ್ ತಂಡಗಳಿವೆ. ಭಾನುವಾರ ಒಂದೇ ದಿನ ಟರ್ಫ್ ಸಿಗುತ್ತದೆ, ಗಂಟೆ ಲೆಕ್ಕದಲ್ಲಿ ದುಡ್ಡು. ನಾಕೌಟ್ ಮಾಡಿದರೆ 3 ಪಂದ್ಯ, ಲೀಗ್ ಮಾಡಿದರೆ 6. ಸ್ಕೋರ್ ಬರೆಯುವ ಕಾಕಾ ಧಾರವಾಡದವರು. ಅವರದ್ದು ಒಂದೇ ಮಾತು: "ಎಲ್ಲಾರೂ ಎಲ್ಲಾರ ಜೋಡಿ ಆಡ್ಬೇಕು ನೋಡಪಾ. ಅಂದ್ರನ ಖರೇ ಹುಲಿ ಯಾರು ಅಂತ ಗೊತ್ತಾಗತೈತಿ." ನನಗೂ ಹಾಗೇ ಅನಿಸಿತ್ತು. ಎರಡು ಪಟ್ಟು ಪಂದ್ಯ ಆಡಿದರೆ ಬಲವಾದ ತಂಡವೇ ಗೆಲ್ಲುವ ಸಾಧ್ಯತೆ ಜಾಸ್ತಿ ಆಗಲೇಬೇಕು, ಅಲ್ವಾ? ಎಷ್ಟು ಜಾಸ್ತಿ ಅಂತ ನೋಡೋಣ ಎಂದು ಪೈಥಾನ್‌ನಲ್ಲಿ ಸಿಮ್ಯುಲೇಶನ್ ಬರೆದೆ. ಮೂರು ದಿನ ತಪ್ಪು ಉತ್ತರವನ್ನೇ ಸರಿ ಅಂದುಕೊಂಡಿದ್ದೆ. ನೀವೂ ಇದನ್ನೇ ಕಲಿಯುತ್ತಿದ್ದರೆ ಅದೇ ಗುಂಡಿಗೆ ಬೀಳಬೇಡಿ ಅಂತ ಈ ಟಿಪ್ಪಣಿ.

ಮಾದರಿ

ನಾಲ್ಕು ತಂಡ: ಎ, ಬಿ, ಸಿ, ಡಿ. ಎ ಎಲ್ಲಕ್ಕಿಂತ ಬಲವಾದದ್ದು, ಯಾರ ಮೇಲೆ ಆಡಿದರೂ ಗೆಲ್ಲುವ ಸಾಧ್ಯತೆ 0.7. ಉಳಿದ ಮೂವರೂ ಸಮ, ಅವರವರ ನಡುವೆ 0.5. ಕೋಡ್‌ನಲ್ಲಿ ಎ ತಂಡದ ಸಂಖ್ಯೆ 0.

```python
import random

def aata(a, b):
    p = 0.5
    if a == 0: p = 0.7
    if b == 0: p = 0.3
    return a if random.random() < p else b

def league():
    w = [0] * 4
    for a in range(4):
        for b in range(a + 1, 4):
            w[aata(a, b)] += 1
    return w.index(max(w))
```

ನಾಕೌಟ್‌ಗೆ ಕೋಡೇ ಬೇಡ. ಎದುರಾಳಿ ಯಾರಾದರೂ ಸಾಧ್ಯತೆ 0.7 ಇರುವುದರಿಂದ ಸೆಮಿಫೈನಲ್, ಫೈನಲ್ ಎರಡೂ ಗೆಲ್ಲುವುದು 0.7 × 0.7 = 0.49. ಆದರೂ ಓಡಿಸಿದೆ, ಹತ್ತು ಸಾವಿರ ಸಲ. 49ರ ಆಸುಪಾಸೇ ಬಂತು. ಲೀಗ್ ಓಡಿಸಿದಾಗ ಶೇಕಡ 67! ಕಾಕಾ ಹೇಳಿದ್ದೇ ಸರಿ ಅಂತ ಖುಷಿಯಿಂದ ಅವರಿಗೆ ಫೋನ್ ಕೂಡ ಮಾಡಿದೆ.

ಎಷ್ಟು ಸಲ ಓಡಿಸಬೇಕು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಉತ್ತರ p ಆಸುಪಾಸು ಇದ್ದು N ಸಲ ಓಡಿಸಿದರೆ, ಅಲುಗಾಟ ಸುಮಾರು 2 × √(p(1−p)/N). 100 ಸಲ ಓಡಿಸಿದರೆ ಶೇಕಡ 10 ಆಚೀಚೆ ಆಗಬಹುದು, ಅದು ಯಾವ ಕೆಲಸಕ್ಕೂ ಬಾರದು. 10,000 ಸಲ ಓಡಿಸಿದರೆ ಶೇಕಡ 1. ನನ್ನ 67ಕ್ಕೂ 49ಕ್ಕೂ ನಡುವಿನ ಅಂತರ ಇದಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ ಸುಮ್ನೆ ಅದೃಷ್ಟದಿಂದ ಬಂದದ್ದಲ್ಲ ಅಂತ ನಂಬಿದೆ. ಅದೃಷ್ಟದ್ದಂತೂ ಅಲ್ಲ. ಆದರೆ ಎಷ್ಟು ಸಲ ಓಡಿಸಿದರೂ ಕೋಡ್‌ನ ತಪ್ಪು ಹೋಗುವುದಿಲ್ಲ, ಅದೇ ತಪ್ಪು ಇನ್ನೂ ಗಟ್ಟಿಯಾಗಿ ಕೂರುತ್ತದೆ ಅಷ್ಟೇ.

ತಪ್ಪು ಸಿಕ್ಕಿದ್ದು ಹೇಗೆ

ಒಂದು ರಾತ್ರಿ ಬೇರೇನೋ ನೋಡಲು 0.7 ಇದ್ದಲ್ಲಿ 0.5 ಹಾಕಿದೆ, 0.3 ಇದ್ದಲ್ಲೂ 0.5. ಈಗ ನಾಲ್ಕೂ ತಂಡ ಸಮ. ಪ್ರತಿ ತಂಡವೂ ಶೇಕಡ 25 ಗೆಲ್ಲಬೇಕು. ಪರದೆ ಮೇಲೆ ಬಂದದ್ದು ಹೆಚ್ಚು ಕಡಿಮೆ 41, 28, 19, 12. ಮೆಟ್ಟಿಲು ಇಳಿದ ಹಾಗೆ! ಒಂದೇ ಬಲದ ನಾಲ್ಕು ತಂಡಗಳಲ್ಲಿ ಮೊದಲನೆಯದಕ್ಕೆ ಕೊನೆಯದರ ಮೂರು ಪಟ್ಟಿಗಿಂತ ಜಾಸ್ತಿ ಕಪ್ ಸಿಗುತ್ತಿದೆ, ಅದೂ ಪಟ್ಟಿಯಲ್ಲಿ ಹೆಸರು ಮೇಲಿದೆ ಅನ್ನುವ ಒಂದೇ ಕಾರಣಕ್ಕೆ.

ತಪ್ಪು ಇದ್ದದ್ದು ಕೊನೆಯ ಸಾಲಿನಲ್ಲಿ. w.index(max(w)) ಅಂದರೆ ಅತಿ ಹೆಚ್ಚು ಗೆಲುವು ಇರುವ ಮೊದಲ ಜಾಗ. ಇಬ್ಬರಿಗೆ ಸಮ ಗೆಲುವು ಇದ್ದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಕಪ್. ನಾನು ಬಲವಾದ ತಂಡವನ್ನೇ 0ನೇ ಜಾಗದಲ್ಲಿ ಕೂರಿಸಿದ್ದೆ, ಹಾಗಾಗಿ ಎ ಸೇರಿದ ಟೈ ಆದಾಗಲೆಲ್ಲ ಎ ತಂಡವೇ ಗೆದ್ದಿತ್ತು. ಎ ತಂಡವನ್ನು ಕೊನೆಗೆ ಹಾಕಿ ನೋಡಿದರೆ 67 ಹೋಗಿ 34 ಆಯಿತು. ತಂಡಗಳ ಬಲ ಅದೇ, ನಿಯಮ ಅದೇ, ಸಾಲು ಮಾತ್ರ ಬೇರೆ. numpy ಬಳಸುವವರಿಗೆ argmax ಕೂಡ ಹೀಗೇ ಮಾಡುತ್ತದೆ, ಅಲ್ಲೂ ಮೊದಲ ಜಾಗವೇ ಸಿಗುತ್ತದೆ.

ಟೈ ಎಲ್ಲೋ ಅಪರೂಪಕ್ಕೆ ಆಗುತ್ತದೆ ಅಂದುಕೊಂಡಿದ್ದೆ. ನಾಲ್ಕು ಸಮ ತಂಡಗಳ ಲೀಗ್‌ನಲ್ಲಿ 6 ಪಂದ್ಯ, ಒಟ್ಟು 64 ರೀತಿ ಮುಗಿಯಬಹುದು. ಅದರಲ್ಲಿ 32 ಸಲ ಮೊದಲ ಸ್ಥಾನಕ್ಕೇ ಟೈ. ಅರ್ಧಕ್ಕರ್ಧ! ಅಂದರೆ ಟೈ ಹೇಗೆ ಬಿಡಿಸುತ್ತೇವೆ ಅನ್ನುವುದು ಕೊನೆಯಲ್ಲಿ ಸೇರಿಸುವ ಸಣ್ಣ ನಿಯಮ ಅಲ್ಲ, ಅರ್ಧ ಟೂರ್ನಿ ಅದೇ. ಸರಿ ಮಾಡಿದ್ದು ಹೀಗೆ, ಟೈ ಆದವರಲ್ಲಿ ಚೀಟಿ ಎತ್ತಿದ ಹಾಗೆ:

```python
    m = max(w)
    return random.choice([i for i in range(4) if w[i] == m])
```

ಮತ್ತೆ ಎಲ್ಲ ಕಡೆ 0.5 ಹಾಕಿದೆ, ನಾಲ್ಕೂ 25ರ ಹತ್ತಿರ ಬಂತು. 0.7 ಹಾಕಿದೆ. ಉತ್ತರ 49.

ನಾಕೌಟ್ ಕೂಡ 49. ನಂಬಲಿಲ್ಲ. ಆರು ಪಂದ್ಯ ಆಡಿಯೂ ಮೂರು ಪಂದ್ಯದಷ್ಟೇನಾ?

ಕೈಯಲ್ಲೇ ಲೆಕ್ಕ ಹಾಕಿದ್ದು

ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ, ಅದಕ್ಕೇ ನಿಧಾನವಾಗಿ ಬರೆಯುತ್ತೇನೆ. ಎ ಮೂರೂ ಗೆದ್ದರೆ (0.343) ಕಪ್ ಖಂಡಿತ, ಎಲ್ಲರೂ ಎ ಕೈಯಲ್ಲಿ ಒಂದು ಸೋತಿರುವುದರಿಂದ ಬೇರೆ ಯಾರಿಗೂ 3 ಆಗುವುದಿಲ್ಲ. ಎ ಒಂದೇ ಗೆದ್ದರೆ ಕಪ್ ಇಲ್ಲ. ಒಟ್ಟು 6 ಗೆಲುವಿನಲ್ಲಿ ಉಳಿದ 5 ಮೂವರಿಗೆ ಹಂಚಬೇಕು, ಯಾರಿಗಾದರೂ 2 ಬಂದೇ ಬರುತ್ತದೆ. ಒಂದೂ ಗೆಲ್ಲದಿದ್ದರೆ ಮಾತೇ ಇಲ್ಲ.

ಇಡೀ ವಿಷಯ ಇರುವುದು ಎ ಎರಡು ಗೆದ್ದು ಒಂದು ಸೋತಾಗ (0.441). ಸೋತದ್ದು ಬಿ ಕೈಯಲ್ಲಿ ಅಂತ ಇಟ್ಟುಕೊಳ್ಳಿ. ಈಗ ಎ ಹತ್ತಿರ 2, ಬಿ ಹತ್ತಿರ ಆಗಲೇ 1. ಬಿ, ಸಿ, ಡಿ ನಡುವಿನ ಮೂರು ಪಂದ್ಯ 8 ರೀತಿ ಮುಗಿಯಬಹುದು, ಅವು ಸರಿಯಾಗಿ ನಾಲ್ಕು ಜೋಡಿ ಆಗುತ್ತವೆ, ಪ್ರತಿ ಜೋಡಿಗೂ ಕಾಲು ಭಾಗ. ಬಿ ಎರಡೂ ಗೆದ್ದರೆ ಬಿ ಹತ್ತಿರ 3, ಎ ಕೈ ಖಾಲಿ. ಬಿ ಎರಡೂ ಸೋತರೆ ಸಿ ಅಥವಾ ಡಿ, ಇಬ್ಬರಲ್ಲಿ ಒಬ್ಬರಿಗೆ 2 ಆಗಿ ಎ ಜೊತೆ ಟೈ, ಚೀಟಿಯಲ್ಲಿ ಅರ್ಧ. ಮೂವರೂ ಒಂದೊಂದು ಗೆದ್ದರೆ ಬಿ ಹತ್ತಿರ 2, ಮತ್ತೆ ಇಬ್ಬರ ಟೈ, ಅರ್ಧ. ಬಿ ಒಂದು ಗೆದ್ದು ಇನ್ನೊಬ್ಬರು ಎರಡು ಗೆದ್ದರೆ ಎ, ಬಿ, ಆ ಇನ್ನೊಬ್ಬರು ಮೂವರಿಗೂ 2, ಚೀಟಿಯಲ್ಲಿ ಮೂರನೇ ಒಂದು. ನಾಲ್ಕರ ಸರಾಸರಿ: (0 + 1/2 + 1/2 + 1/3) ÷ 4 = 1/3.

ಒಟ್ಟು 0.343 + 0.441 × 1/3 = 0.343 + 0.147 = 0.49. ಸಿಮ್ಯುಲೇಶನ್ ಸುಳ್ಳು ಹೇಳಿರಲಿಲ್ಲ. 0.7 ಬದಲು p ಇಟ್ಟರೂ ಅಷ್ಟೇ:

p³ + 3p²(1−p) × 1/3 = p²

ಯಾವ p ಆದರೂ ನಾಕೌಟ್‌ನಷ್ಟೇ! ಹಳೆಯ ಕೋಡ್‌ನಲ್ಲಿ ಆ 1/3 ಜಾಗದಲ್ಲಿ 3/4 ಕೂತಿತ್ತು, ಏಕೆಂದರೆ ನಾಲ್ಕರಲ್ಲಿ ಮೂರು ಟೈಗಳೂ ಎ ಪಾಲು. 0.343 + 0.441 × 3/4 ಅಂದರೆ 0.674, ಅದೇ ನನ್ನ 67.

ಕಾಕಾಗೆ ಇದನ್ನು ತೋರಿಸಿದಾಗ ಸ್ಕೋರ್ ಪುಸ್ತಕದ ಹಿಂದಿನ ಪುಟದಲ್ಲಿ ತಾವೇ ಆ ಎಂಟೂ ಸಾಲು ಬರೆದು, ಪ್ರತಿ ಸಾಲಿನ ಮುಂದೆ ಗೆಲುವು ಎಣಿಸಿ ಹಾಕಿದರು. ಆಮೇಲೆ ಕೇಳಿದ್ದು ಸರಿಯಾದ ಪ್ರಶ್ನೆ: "ಚೀಟಿ ಯಾಕ ಎತ್ತೂದು? ಅವ್ರಿಬ್ರ ಪಂದ್ಯದಾಗ ಗೆದ್ದವ್ರಿಗೆ ಕೊಡೋ." ಮುಖಾಮುಖಿ ನಿಯಮ. ಅದನ್ನೂ ಅದೇ ನಾಲ್ಕು ಜೋಡಿಗೆ ಹಾಕಿದೆವು. ಬಿ ಎರಡೂ ಸೋತಲ್ಲಿ ಎ ಗೆಲ್ಲುತ್ತದೆ, ಅರ್ಧ ಇದ್ದದ್ದು 1 ಆಯಿತು. ಮೂವರೂ ಒಂದೊಂದು ಗೆದ್ದಲ್ಲಿ ಟೈ ಎ-ಬಿ ನಡುವೆ, ಎ ಸೋತದ್ದೇ ಬಿ ಕೈಯಲ್ಲಿ, ಅರ್ಧ ಇದ್ದದ್ದು 0 ಆಯಿತು. ಮೂವರ ಟೈನಲ್ಲಿ ಒಬ್ಬರನ್ನೊಬ್ಬರು ಸುತ್ತಿ ಸೋಲಿಸಿರುತ್ತಾರೆ, ಮತ್ತೆ ಚೀಟಿಯೇ. ಒಟ್ಟು ಮತ್ತೆ 1/3, ಮತ್ತೆ 49.

ಬದಲಾಗುವುದು ಟೈ ಆದ ಇಬ್ಬರಿಗೆ ಇನ್ನೊಂದು ಪಂದ್ಯ ಆಡಿಸಿದಾಗ. ಆಗ ಎರಡು ಅರ್ಧಗಳೂ 0.7 ಆಗಿ, ಉತ್ತರ 53.4ಕ್ಕೆ ಏರುತ್ತದೆ. ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ಇದಕ್ಕೆ ನೆಟ್ ರನ್ ರೇಟ್ ಇದೆ. 2019ರ ವಿಶ್ವಕಪ್ ಲೀಗ್‌ನಲ್ಲಿ ನ್ಯೂಜಿಲೆಂಡ್, ಪಾಕಿಸ್ತಾನ ಇಬ್ಬರಿಗೂ 11 ಅಂಕ ಇದ್ದವು, ರನ್ ರೇಟ್ ಮೇಲೆ ನ್ಯೂಜಿಲೆಂಡ್ ಸೆಮಿಫೈನಲ್‌ಗೆ ಹೋಯಿತು. ಬಲವಾದ ತಂಡ ಗೆದ್ದಾಗ ದೊಡ್ಡದಾಗಿ ಗೆಲ್ಲುವುದು ಜಾಸ್ತಿ, ಹಾಗಾಗಿ ರನ್ ರೇಟ್ ಚೀಟಿಗಿಂತ ಎ ಕಡೆಗೆ ವಾಲುತ್ತದೆ. ನನ್ನ ಮಾದರಿಯಲ್ಲಿ ರನ್ ಇಲ್ಲ, ಗೆಲುವು ಸೋಲು ಮಾತ್ರ, ಅದನ್ನು ಇಲ್ಲಿ ಅಳೆಯಲು ಆಗುವುದಿಲ್ಲ.

ಹಾಗಾದರೆ ಹೆಚ್ಚಿನ ಪಂದ್ಯ ಎಲ್ಲಿ ಹಾಕಬೇಕು

ನಾಕೌಟ್‌ನ ಪ್ರತಿ ಜೋಡಿಗೂ ಮೂರರಲ್ಲಿ ಎರಡು ಗೆದ್ದವರು ಮುಂದೆ ಅಂತ ಮಾಡಿದರೆ, ಎ ಒಂದು ಸುತ್ತು ಗೆಲ್ಲುವುದು 0.784, ಎರಡು ಸುತ್ತು 0.615. ಪಂದ್ಯ 6ರಿಂದ 9, ಸರಾಸರಿ 7.4. ಲೀಗ್‌ಗಿಂತ ಒಂದೂವರೆ ಪಂದ್ಯ ಜಾಸ್ತಿ, ಆದರೆ 49 ಹೋಗಿ 61 ದಾಟಿತು. ನನಗೆ ಕಂಡ ಕಾರಣ ಇದು: ಲೀಗ್‌ನಲ್ಲಿ ಆರರಲ್ಲಿ ಮೂರು ಪಂದ್ಯ ಬಿ, ಸಿ, ಡಿ ತಮ್ಮತಮ್ಮಲ್ಲೇ ಆಡುವುದು. ಅವು ಎ ಎಷ್ಟು ಬಲ ಅಂತ ಏನೂ ಹೇಳುವುದಿಲ್ಲ, ಆದರೆ ಮೂವರಲ್ಲಿ ಯಾರಿಗೋ ಅದೃಷ್ಟ ಕೂಡಿ 2 ಗೆಲುವು ಕೊಟ್ಟು ಎ ಪಕ್ಕ ತಂದು ನಿಲ್ಲಿಸುತ್ತವೆ.

ಲೀಗೂ ನಾಕೌಟೂ ಸರಿಸಮ ಅಂತ ಮಾತ್ರ ಎಲ್ಲ ಕಡೆ ಹೇಳಬೇಡಿ. ನಾಲ್ಕೇ ತಂಡ, ಉಳಿದ ಮೂವರೂ ಸಮ, ಟೈಗೆ ಚೀಟಿ, ಇವೆಲ್ಲ ಕೂಡಿದಾಗ ಬಂದ ಉತ್ತರ ಅದು. ಬಿ ಕೂಡ ಎ ಹತ್ತಿರದ ಬಲದ್ದಾದರೆ aata ಒಳಗಿನ ಸಂಖ್ಯೆ ಬದಲಿಸಿ ಮತ್ತೆ ಓಡಿಸಬೇಕು. 0.7 ಕೂಡ ನಾನು ಅಂದಾಜಿಗೆ ಹಾಕಿದ್ದು. 0.6 ಇಟ್ಟರೆ ನಾಕೌಟ್ 36, ಮೂರರಲ್ಲಿ ಎರಡು 42. 0.8 ಇಟ್ಟರೆ 64 ಮತ್ತು 80. ಅಂತರ 6ರಿಂದ 16ಕ್ಕೆ ಹೋಗುತ್ತದೆ, ಹಾಗಾಗಿ ಒಂದೇ p ಇಟ್ಟು ತೀರ್ಮಾನ ಬರೆಯಬೇಡಿ.

ಭಾನುವಾರಕ್ಕೆ ಮೂರರಲ್ಲಿ ಎರಡು ಅಂತ ಆಯಿತು, ಐದೈದು ಓವರ್. ಕಾಕಾ ಒಂಬತ್ತು ಪಂದ್ಯಕ್ಕೆ ಪುಟ ಗೆರೆ ಹಾಕಿಟ್ಟಿದ್ದಾರೆ, ಪಂದ್ಯ ಟೈ ಆದರೆ ಸೂಪರ್ ಓವರ್ ಬರೆಯಲು ಪಕ್ಕದಲ್ಲಿ ಒಂದು ಚಿಕ್ಕ ಕಾಲಂ ಕೂಡ ಬಿಟ್ಟಿದ್ದಾರೆ.