ಮೀಸೆ ಮೇಲೆ ಹರಿದರೂ ಬಾಯಿಗೆ ಬೀಳಲಿಲ್ಲ

ಇವಾನ್ ರಾಜಕುಮಾರ ಬಿಟ್ಟ ಬಾಣ ಜೌಗು ನೆಲದಲ್ಲಿ ಹೋಗಿ ಬೀಳುತ್ತದೆ, ಅದನ್ನು ಎತ್ತಿಕೊಂಡ ಕಪ್ಪೆಯನ್ನೇ ಅವನು ಮದುವೆಯಾಗಬೇಕಾಗುತ್ತದೆ. ಇದು ರಷ್ಯಾದ ಕಪ್ಪೆ ರಾಜಕುಮಾರಿಯ ಕಥೆ. ಅಲೆಕ್ಸಾಂಡರ್ ಅಫನಾಸ್ಯೆವ್ 1855ರಿಂದ 1863ರವರೆಗೆ ಕಂತುಕಂತಾಗಿ ಅಚ್ಚು ಹಾಕಿಸಿದ ಸುಮಾರು 600 ಜನಪದ ಕಥೆಗಳಲ್ಲಿ ಇದೂ ಇದೆ. ಇದನ್ನು ಇಂಗ್ಲಿಷಿಗೆ ತರುವವರು ಕಷ್ಟದ ಪದಗಳಲ್ಲಿ ಎಡವುವುದು ಕಡಿಮೆ. ಎಡವುವುದು ಜಾಸ್ತಿ, ಮತ್ತೆ ಮತ್ತೆ ಬರುವ ಸುಲಭದ ಸಾಲುಗಳಲ್ಲಿ.

ರಾಜ ಮೂವರು ಸೊಸೆಯರಿಗೂ ಪರೀಕ್ಷೆ ಇಡುತ್ತಾನೆ. ಮೊದಲು ಮೆತ್ತನೆಯ ಬಿಳಿ ಬ್ರೆಡ್ಡು ಮಾಡಬೇಕು, ಆಮೇಲೆ ಒಂದೇ ರಾತ್ರಿಯಲ್ಲಿ ರೇಷ್ಮೆಯ ರತ್ನಗಂಬಳಿ, ಕೊನೆಗೆ ಗಂಡನ ಜೊತೆ ಅರಮನೆಗೆ ಬಂದು ಎಲ್ಲರ ಮುಂದೆ ನಿಲ್ಲಬೇಕು. ಪ್ರತಿ ಸಲವೂ ಇವಾನ್ ಮನೆಗೆ ಬರುವುದು ಒಂದೇ ಥರ: ಮುಖದಲ್ಲಿ ಗೆಲುವಿಲ್ಲ, ತಲೆ ಹೆಗಲಿಗಿಂತ ಕೆಳಗೆ ಜೋತಿದೆ. ರಷ್ಯನ್ನಿನಲ್ಲಿ 'ನೆವೆಸೆಲ್' ಅಂದರೆ ಗೆಲುವಿಲ್ಲದವನು, 'ಪೊವೆಸಿಲ್' ಅಂದರೆ ಜೋತು ಹಾಕಿದ. ಎರಡಕ್ಕೂ ಪ್ರಾಸ ಕೂಡುತ್ತದೆ, ಹಾಗಾಗಿ ಒಂದು ಸಲ ಕೇಳಿದರೆ ಸಾಕು, ಎರಡನೇ ಸಲ ಕೇಳುಗನೇ ಹೇಳಿಬಿಡುತ್ತಾನೆ.

ಇಂಗ್ಲಿಷ್ ಬರವಣಿಗೆ ಕಲಿಸುವವರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು, ಒಂದೇ ಮಾತನ್ನು ಮತ್ತೆ ಬರೆಯಬೇಡ ಅನ್ನುವುದು. ಅನುವಾದಕ ಈ ಪಾಠ ಕಲಿತವನಾದರೆ ಮೊದಲ ಸಲ 'ದುಃಖದಿಂದ ಬಂದ', ಎರಡನೇ ಸಲ 'ಮಂಕಾಗಿ ಬಂದ', ಮೂರನೇ ಸಲ 'ಚಿಂತೆಯಲ್ಲಿ ಮುಳುಗಿ ಬಂದ' ಎಂದು ಬರೆಯುತ್ತಾನೆ. ಮೂರೂ ಚೆನ್ನಾಗಿಯೇ ಇವೆ, ಆದರೆ ಕಥೆ ಸತ್ತುಹೋಯಿತು. ಯಾಕೆ ಅಂತ ಕಪ್ಪೆಯ ಉತ್ತರದಲ್ಲಿ ನೋಡಿ.

ಮೊದಲ ಎರಡು ಸಲ ಕಪ್ಪೆ ಹೇಳುವುದು ಒಂದೇ ಮಾತು: ಕೊರಗಬೇಡ, ಹೋಗಿ ಮಲಗು, 'ಊತ್ರೊ ವೇಚೆರಾ ಮುದ್ರೆನೇಯೆ', ಅಂದರೆ ಸಂಜೆಗಿಂತ ಬೆಳಗಿನ ಬುದ್ಧಿ ಹೆಚ್ಚಿನದು. ಮೂರನೇ ಸಲ? ಮಲಗು ಅನ್ನುವ ಮಾತೇ ಇಲ್ಲ. ನೀನು ಒಬ್ಬನೇ ಹೋಗು, ನಾನು ಹಿಂದಿನಿಂದ ಬರುತ್ತೇನೆ, ಗುಡುಗಿನ ಸದ್ದು ಕೇಳಿದರೆ ನನ್ನ ಪುಟ್ಟ ಕಪ್ಪೆ ಪುಟ್ಟ ಡಬ್ಬಿಯಲ್ಲಿ ಬರ್ತಾ ಇದ್ದಾಳೆ ಅಂತ ಹೇಳು, ಎನ್ನುತ್ತದೆ. ಈ ಸಲ ಮಲಗಿದರೆ ಆಗುವ ಕೆಲಸ ಅಲ್ಲ, ಅವಳೇ ಹೊರಗೆ ಬರಬೇಕು. ಕೇಳುಗ ಬೆಚ್ಚಿ ಕಿವಿ ಅಗಲಿಸುವುದು ಇಲ್ಲೇ. ಆದರೆ ಮೊದಲ ಎರಡು ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೆ ಮಾತ್ರ ಮೂರನೆಯದು ಬೇರೆ ಅಂತ ಅವನಿಗೆ ಗೊತ್ತಾಗುತ್ತದೆ, ಅಲ್ವಾ?

ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ಮರುಕಳಿಸುವ ಸಾಲುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಪ್ರತಿಯೊಂದಕ್ಕೂ ಒಂದೇ ಇಂಗ್ಲಿಷ್ ರೂಪ, ಒಂದೇ ಸಲ ತೀರ್ಮಾನ, ಆಮೇಲೆ ಕೈ ಹಚ್ಚಬಾರದು. ಯಾವುದು ನಿಜವಾದ ಸಿದ್ಧಸಾಲು, ಯಾವುದು ಸುಮ್ನೆ ಎರಡು ಸಲ ಬಂದದ್ದು ಎಂಬ ಅನುಮಾನ ಬಂದರೆ ಅಫನಾಸ್ಯೆವ್‌ನ ಬೇರೆ ಕಥೆಗಳಲ್ಲಿ ಹುಡುಕಿ. ಬೆಳಗಿನ ಬುದ್ಧಿಯ ಮಾತು ಅಲ್ಲೂ ಸಿಗುತ್ತದೆ, ಬೆಳ್ಳನೆಯ ಬ್ರೆಡ್ಡಿನ ಮಾತು ಹಾಗೆ ಊರೂರು ಸುತ್ತುವುದಿಲ್ಲ. ಅನುವಾದ ಮುಗಿದ ಮೇಲೆ ಕಡತದಲ್ಲಿ ಆ ಸಾಲು ಹುಡುಕಿ ಎಣಿಸಿದರೆ ಎಲ್ಲಿ ಜಾರಿದ್ದೇವೆ ಅನ್ನುವುದು ತಕ್ಷಣ ಕಾಣುತ್ತದೆ.

ಮುಕ್ತಾಯದ ಸಾಲು ಇನ್ನೂ ಕಷ್ಟ. ಹಳೇ ಕಥೆಗಾರರು ಮದುವೆಯ ಔತಣ ಹೇಳಿ ಮುಗಿಸುವಾಗ ತಾವೇ ಒಳಗೆ ನುಗ್ಗುತ್ತಾರೆ: 'ಇ ಯಾ ತಾಮ್ ಬಿಲ್, ಮ್ಯೋದ್ ಪೀವೊ ಪಿಲ್, ಪೊ ಉಸಾಮ್ ತೆಕ್ಲೋ, ಅ ವ್ ರೋತ್ ನೆ ಪೊಪಾಲೊ.' ನಾನೂ ಅಲ್ಲಿದ್ದೆ, ಮ್ಯೋದ್ ಮತ್ತು ಬಿಯರ್ ಕುಡಿದೆ, ಮೀಸೆ ಮೇಲೆ ಹರಿಯಿತು, ಬಾಯಿಗೆ ಮಾತ್ರ ಬೀಳಲಿಲ್ಲ. 'ಮ್ಯೋದ್' ಅಂದರೆ ಜೇನುತುಪ್ಪವೂ ಹೌದು, ಜೇನು ಹುಳಿಸಿ ಮಾಡಿದ ಮದ್ಯವೂ ಹೌದು. ಔತಣದಲ್ಲಿ ಕುಡಿಯುವುದು ಮದ್ಯವನ್ನೇ, ಇಂಗ್ಲಿಷಿನ ಮೀಡ್. ನಿಘಂಟು ನೋಡಿ ಇಂಗ್ಲಿಷಿನ 'ಹನಿ' ಎಂದು ಬರೆದರೆ ಕಥೆಗಾರ ಜೇನುತುಪ್ಪ ಕುಡಿದಂತಾಗುತ್ತದೆ.

ಇಲ್ಲಿ ನನಗೆ ಪ್ರಾಸ ಬೇಕೇ ಬೇಕು. ಬಿಲ್ ಮತ್ತು ಪಿಲ್ ಎಂಬ ಬಡಿತ ಹೋದರೆ ಉಳಿಯುವುದು ಮೀಸೆ ಒದ್ದೆಯಾದ ಒಬ್ಬ ಮನುಷ್ಯ, ಅಷ್ಟೇ. ನಾನು ಪ್ರಯತ್ನಿಸಿದ್ದು ಹೀಗೆ: 'ಐ ಟೂ ವಾಸ್ ದೇರ್, ಡ್ರ್ಯಾಂಕ್ ಮೀಡ್ ಅಂಡ್ ಬಿಯರ್.' ದೇರ್, ಬಿಯರ್ ಪೂರ್ತಿ ಕೂಡುವುದಿಲ್ಲ, ಆದರೆ ಕಿವಿಗೆ ಹತ್ತಿರವಿದೆ, ಮತ್ತು ಹೊಸದಾಗಿ ಒಂದು ಮಾತೂ ಸೇರಿಲ್ಲ. ಪೂರ್ತಿ ಪ್ರಾಸಕ್ಕಾಗಿ ಊಟದ ರುಚಿ, ಅತಿಥಿಗಳ ಗುಂಪು ಎಲ್ಲ ತುರುಕಿದರೆ ಸಾಲು ಭಾರವಾಗುತ್ತದೆ.

ಇನ್ನೊಂದು ಮುಕ್ತಾಯವೂ ಇದೆ, 'ಝಿತ್ ಪೊಝಿವಾತ್ ದಾ ದೊಬ್ರಾ ನಝಿವಾತ್'. ಬಾಳತೊಡಗಿದರು, ಆಸ್ತಿಪಾಸ್ತಿ ಕೂಡಿಸತೊಡಗಿದರು. ಇದಕ್ಕೆ ಇಂಗ್ಲಿಷಿನ 'ಹ್ಯಾಪಿಲಿ ಎವರ್ ಆಫ್ಟರ್' ಹಾಕುವುದು ನನಗೆ ಒಪ್ಪಿಗೆಯಿಲ್ಲ. ದೊಬ್ರಾ ಎಂಬುದರಲ್ಲಿ ಒಳ್ಳೆಯದೂ ಇದೆ, ಕಣಜದ ಕಾಳೂ ಪೆಟ್ಟಿಗೆಯ ಬಟ್ಟೆಯೂ ಇದೆ. ಹಸಿವು ಗೊತ್ತಿದ್ದ ರೈತರ ಕಥೆ ಸಂತೋಷದ ಜೊತೆ ಸಾಮಾನನ್ನೂ ಎಣಿಸಿಯೇ ಮುಗಿಯುತ್ತದೆ.